ಆರುನೂರು ಮಿಲಿಗ್ರಾಂ ಎಂಬ ಉತ್ತರ

ಇಂಟರ್ನಲ್ಸ್ ಉತ್ತರ ಪತ್ರಿಕೆ ವಾಪಸ್ ಕೊಟ್ಟ ದಿನ ಸಂಜೆ ಎರಡನೇ ವರ್ಷದ ಎಂಬಿಬಿಎಸ್ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಫಾರ್ಮಕಾಲಜಿ ಪೇಪರ್. "ಮೇಡಂ, ಲೆಕ್ಕ ತಪ್ಪಿಲ್ಲವಲ್ಲ, ಐದಕ್ಕೆ ಒಂದೇ ಮಾರ್ಕ್ಸ್ ಯಾಕೆ?" ಅಂದ. ಜಗಳದ ದನಿ ಅಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ನನಗೆ ಆಗ ಲ್ಯಾಬ್ ಇತ್ತು. ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದೆ. ಅವನಿಗೆ ಸಮಾಧಾನ ಆಗಲಿಲ್ಲ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ನನಗೂ ಆಗಲಿಲ್ಲ. ಮನೆಗೆ ಬಂದು ಈ ಪತ್ರ ಬರೆದೆ. ಅವನ ಒಪ್ಪಿಗೆ ಕೇಳಿ, ಹೆಸರು ತೆಗೆದು, ಇಲ್ಲಿ ಹಾಕುತ್ತಿದ್ದೇನೆ.

* * *

ನೋಡಪ್ಪಾ,

ಮೊದಲು ನಿನ್ನ ಪ್ರಶ್ನೆಗೆ ನೇರ ಉತ್ತರ. ಹೌದು, ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ಎಂಟರ ಎರಡರಷ್ಟು ಹದಿನಾರು, ಮುನ್ನೂರರ ಎರಡರಷ್ಟು ಆರುನೂರು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ತಪ್ಪಿರುವುದು ಆ ಎರಡು ಸಾಲುಗಳ ನಡುವೆ ನೀನು ಬರೆದ "ಆದ್ದರಿಂದ" ಎಂಬ ಪದದಲ್ಲಿ.

ಪ್ರಶ್ನೆ ನೆನಪಿದೆಯಲ್ಲ? 34 ವರ್ಷದ ಹೆಂಗಸು, ತೂಕ 60 ಕೆಜಿ. ಫಿಟ್ಸ್‌ಗೆ ಆರು ವಾರದಿಂದ ರಾತ್ರಿ 300 ಮಿಲಿಗ್ರಾಂ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದಾಳೆ. ಮಾತ್ರೆ ತಪ್ಪಿಸಿಲ್ಲ, ರಕ್ತದ ಪ್ರೋಟೀನ್ ಆಲ್ಬುಮಿನ್ ನಾರ್ಮಲ್. ಆದರೂ ಕಳೆದ ತಿಂಗಳು ಎರಡು ಸಲ ಫಿಟ್ಸ್ ಬಂದಿದೆ. ರಕ್ತದಲ್ಲಿ ಫೆನಿಟಾಯಿನ್ ಲೀಟರಿಗೆ 8 ಮಿಲಿಗ್ರಾಂ ಇದೆ, ಇರಬೇಕಾದ್ದು 10ರಿಂದ 20. ಡೋಸ್ ಹೇಗೆ ಬದಲಿಸುತ್ತೀ, ಕಾರಣ ಕೊಡು.

ನೀನು ಬರೆದದ್ದು ಹೀಗೆ. 16ಕ್ಕೆ ತರೋಣ. ಅದು ಈಗಿನ ಎರಡರಷ್ಟು. ಆದ್ದರಿಂದ ಡೋಸ್ ಕೂಡ ಎರಡರಷ್ಟು, 600 ಮಿಲಿಗ್ರಾಂ. ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯುವ ಸಮಯ, ಅಂದರೆ ಹಾಫ್ ಲೈಫ್, 22 ಗಂಟೆ, ಹೊಸ ಮಟ್ಟ ನಿಲ್ಲಲು ಬೇಕಾದ ಐದು ಹಾಫ್ ಲೈಫ್ ಅಂದರೆ 110 ಗಂಟೆ, ಆರನೇ ದಿನ ರಕ್ತ ಪರೀಕ್ಷೆ ಮಾಡಿದರೆ 16 ಬಂದಿರುತ್ತದೆ. ಕೊನೆಗೆ 600ರ ಸುತ್ತ ಒಂದು ಚೌಕ, ಚೌಕದ ಕೆಳಗೆ ಎರಡು ಗೆರೆ. ಕೈಬರಹದಲ್ಲಿ ಎಲ್ಲೂ ನಡುಕ ಇಲ್ಲ. ಪೂರ್ತಿ ಬ್ಯಾಚಿನಲ್ಲಿ ಇಷ್ಟು ನೀಟಾಗಿ ಈ ಪ್ರಶ್ನೆ ಬರೆದವರು ಇನ್ನೊಬ್ಬರಿಲ್ಲ. ಡೋಸ್ ಏರಿಸಬೇಕು ಅಂತ ಗುರುತಿಸಿದ್ದಕ್ಕೇ ಆ ಒಂದು ಮಾರ್ಕ್ಸ್.

ಇನ್ನು ನನಗೆ ನಿಜವಾಗಿ ಚುರ್ ಅನ್ನಿಸಿದ ವಿಷಯ. ಅದೇ ಪೇಪರಿನಲ್ಲಿ ನಾಲ್ಕು ಪುಟ ಮುಂದೆ ಹೋದರೆ ಕಿರುಟಿಪ್ಪಣಿ ಇದೆ, "ಜೀರೋ ಆರ್ಡರ್ ಕೈನೆಟಿಕ್ಸ್", ಅಂದರೆ ರಕ್ತದಲ್ಲಿ ಎಷ್ಟೇ ಇರಲಿ ದೇಹ ದಿನಕ್ಕೆ ಇಂತಿಷ್ಟೇ ಹೊರಹಾಕುವ ಔಷಧಿಗಳ ಬಗ್ಗೆ. ಅಲ್ಲಿ ನೀನೇ ಬರೆದಿದ್ದೀಯ: ಉದಾಹರಣೆಗೆ ಆಲ್ಕೋಹಾಲ್, ಹೆಚ್ಚಿನ ಡೋಸಿನಲ್ಲಿ ಆಸ್ಪಿರಿನ್, ಫೆನಿಟಾಯಿನ್. ಐದಕ್ಕೆ ನಾಲ್ಕು ಕೊಟ್ಟಿದ್ದೇನೆ. ಅಂದರೆ ಫೆನಿಟಾಯಿನ್ ಬೇರೆ ಥರದ ಔಷಧಿ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದದ್ದು ಏಳನೇ ಪುಟದಲ್ಲಿ ಕೂತಿತ್ತು, ಬೇಕಾದದ್ದು ಮೂರನೇ ಪುಟದಲ್ಲಿ.

ನೀನು ಬಳಸಿದ ನಿಯಮವೇನೂ ಸುಳ್ಳಲ್ಲ. ಬಹುತೇಕ ಔಷಧಿಗಳಿಗೆ ಅದು ಸರಿ. ರಕ್ತದಲ್ಲಿ ಔಷಧಿ ಎಷ್ಟಿದೆಯೋ ಅದರ ಇಂತಿಷ್ಟು ಪಾಲನ್ನು ದೇಹ ಗಂಟೆ ಗಂಟೆಗೂ ಹೊರಹಾಕುತ್ತದೆ. ಔಷಧಿ ಡಬಲ್ ಆದರೆ ಹೊರಹಾಕುವುದೂ ಡಬಲ್. ಹಾಗಾಗಿ ಡೋಸ್ ಡಬಲ್ ಮಾಡಿದರೆ ಮಟ್ಟ ಡಬಲ್ ಆಗಿ ನಿಲ್ಲುತ್ತದೆ. ಜೆಂಟಾಮೈಸಿನ್ ಪ್ರಶ್ನೆಯಲ್ಲಿ ಇದೇ ಲೆಕ್ಕ ಹಾಕಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಆದರೆ ಈ ನಿಯಮದ ಹಿಂದೆ ಒಂದು ಷರತ್ತಿದೆ: ಹೊರಹಾಕುವ ಯಂತ್ರಕ್ಕೆ ಇನ್ನೂ ಬಿಡುವಿರಬೇಕು.

ಫೆನಿಟಾಯಿನ್ ಹೆಚ್ಚುಕಡಿಮೆ ಪೂರ್ತಿ ಲಿವರ್‌ನಲ್ಲೇ ಕರಗಬೇಕು. ಆ ಕೆಲಸದ ಬಹುಪಾಲು ಸಿವೈಪಿ2ಸಿ9 ಎಂಬ ಒಂದು ಕಿಣ್ವದ ಮೇಲಿದೆ. ನಿಮ್ಮೂರಿನ ಹಿಟ್ಟಿನ ಗಿರಣಿ ನೆನಪಿಸಿಕೋ. ದಿನಕ್ಕೆ ಹತ್ತು ಡಬ್ಬ ಬಂದರೆ ಹತ್ತೂ ಬೀಸಿ ಕೊಡುತ್ತಾನೆ, ಇಪ್ಪತ್ತು ಬಂದರೆ ಇಪ್ಪತ್ತು. ಆದರೆ ಕಲ್ಲು ಬೆಳಗಿನಿಂದ ರಾತ್ರಿವರೆಗೆ ಬಿಡದೆ ತಿರುಗಿದರೂ ನಲವತ್ತೈದೇ ಆಗುವುದಾದರೆ? ನಲವತ್ತನೆಯ ಡಬ್ಬದ ಹೊತ್ತಿಗೇ ಜಗಲಿಯ ಮೇಲೆ ಸಾಲು ಬೆಳೆದಿರುತ್ತದೆ. ಅರವತ್ತು ಬಂದರೆ ದಿನಕ್ಕೆ ಹದಿನೈದು ಡಬ್ಬ ಉಳಿಯುತ್ತಾ ಹೋಗುತ್ತದೆ. ನಾಳೆ ಹದಿನೈದು, ನಾಡಿದ್ದು ಮೂವತ್ತು. ಆ ಸಾಲು ಎಲ್ಲೂ ನಿಲ್ಲುವುದಿಲ್ಲ.

ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಬರೆದ ಸಮೀಕರಣ ಇದನ್ನೇ ಹೇಳುತ್ತದೆ. ಬಯೋಕೆಮಿಸ್ಟ್ರಿಯಲ್ಲಿ ಓದಿ ಪಾಸಾಗಿ ಮರೆತಿರುತ್ತೀ.

```
R = Vmax × C / (Km + C)
C = Km × R / (Vmax − R)
```

ಆರ್ ಅಂದರೆ ದಿನಕ್ಕೆ ಕೊಡುವ ಡೋಸ್. ಸಿ ಅಂದರೆ ಮಟ್ಟ ಒಂದು ಕಡೆ ನಿಂತಾಗ ರಕ್ತದಲ್ಲಿರುವ ಔಷಧಿ. ವಿಮ್ಯಾಕ್ಸ್ ಅಂದರೆ ಗಿರಣಿ ಒಂದು ದಿನದಲ್ಲಿ ಬೀಸಬಲ್ಲ ಗರಿಷ್ಠ. ಕೆಎಂ ಅಂದರೆ ಗಿರಣಿ ಅರ್ಧ ಸಾಮರ್ಥ್ಯದಲ್ಲಿ ಓಡುವಾಗ ಇರುವ ಮಟ್ಟ. ಹೆಚ್ಚಿನ ಔಷಧಿಗಳಲ್ಲಿ ನಾವು ಕೊಡುವ ಡೋಸಿನ ಮಟ್ಟ ಈ ಕೆಎಂಗಿಂತ ಎಷ್ಟೋ ಕೆಳಗಿರುತ್ತದೆ, ಅದಕ್ಕೇ ನಿನ್ನ ನಿಯಮ ನಡೆಯುತ್ತದೆ. ಫೆನಿಟಾಯಿನ್‌ಗೆ ಸಾಮಾನ್ಯವಾಗಿ ಹಿಡಿಯುವ ಕೆಎಂ ಲೀಟರಿಗೆ 4 ಮಿಲಿಗ್ರಾಂ. ನಮಗೆ ಬೇಕಾದ ಮಟ್ಟ 10ರಿಂದ 20. ಅಂದರೆ ಬೇಕಾದ ಮಟ್ಟ ಮುಟ್ಟುವ ಮೊದಲೇ ಗಿರಣಿ ಅರ್ಧಕ್ಕಿಂತ ಜಾಸ್ತಿ ಓಡುತ್ತಿದೆ.

ಈಗ ನಮ್ಮ ಹೆಂಗಸಿಗೆ ಇದನ್ನು ಹಾಕು. 300 ಕೊಟ್ಟಾಗ 8 ಬಂದಿದೆ, ಕೆಎಂ 4 ಅಂದುಕೊಳ್ಳೋಣ. ಆಗ ವಿಮ್ಯಾಕ್ಸ್ ದಿನಕ್ಕೆ 450 ಮಿಲಿಗ್ರಾಂ ಬರುತ್ತದೆ. (ಮಾತ್ರೆಯಲ್ಲಿರುವುದು ಫೆನಿಟಾಯಿನ್ ಸೋಡಿಯಂ, ನೂರರಲ್ಲಿ 92 ಮಾತ್ರ ಫೆನಿಟಾಯಿನ್ ಅಂತ ನೀನು ತಕರಾರು ತೆಗೆಯಬಹುದು. ಸರಿ, ಆದರೆ ಇಲ್ಲಿ ಎಲ್ಲ ಕಡೆ ಅದೇ ಅಳತೆ ಹಿಡಿದಿರುವುದರಿಂದ ಕಥೆ ಬದಲಾಗಲ್ಲ.)

```
350 ಕೊಟ್ಟರೆ: C = 4 × 350 / (450 − 350) = 14
400 ಕೊಟ್ಟರೆ: C = 4 × 400 / (450 − 400) = 32
600 ಕೊಟ್ಟರೆ: 450 − 600 = −150
```

ಇದನ್ನು ಸ್ವಲ್ಪ ಹೊತ್ತು ನೋಡು. ಬರೀ ಐವತ್ತು ಮಿಲಿಗ್ರಾಂ ಸೇರಿಸಿದ್ದಕ್ಕೆ ಮಟ್ಟ 8ರಿಂದ 14ಕ್ಕೆ ಹೋಯಿತು. ಇನ್ನೊಂದು ಐವತ್ತು ಸೇರಿಸಿದರೆ 14ರಿಂದ 32. ಮೊದಲನೆಯ ಐವತ್ತು ಅವಳಿಗೆ ಬೇಕಾದ ಔಷಧಿ, ಎರಡನೆಯ ಐವತ್ತು ವಿಷ. ಮಾತ್ರೆ ಮಾತ್ರ ಎರಡು ಸಲವೂ ಒಂದೇ.

ನಿನ್ನ 600ಕ್ಕೆ ಉತ್ತರವೇ ಇಲ್ಲ. ಛೇದದಲ್ಲಿ ಮೈನಸ್ ಬಂತು ಅಂದರೆ ಮಟ್ಟ ಎಲ್ಲೂ ನಿಲ್ಲುವುದಿಲ್ಲ ಅಂತ ಅರ್ಥ. ಅವಳ ದೇಹದಲ್ಲಿ ಫೆನಿಟಾಯಿನ್ ಹರಡುವ ಜಾಗ ಸುಮಾರು 40 ಲೀಟರ್ ಅಂತ ಹಿಡಿದು ನಾನು ದಿನ ದಿನದ ಲೆಕ್ಕ ಹಾಕಿ ನೋಡಿದೆ. ಮೂರನೇ ದಿನಕ್ಕೆ 20 ದಾಟುತ್ತದೆ. ನೀನು 16 ಬರುತ್ತೆ ಅಂತ ರಕ್ತ ತೆಗೆಯಲು ಹೋಗುವ ಆರನೇ ದಿನ ಅದು 40ರ ಆಸುಪಾಸಿನಲ್ಲಿರುತ್ತದೆ. 20 ದಾಟಿದರೆ ಕಣ್ಣುಗುಡ್ಡೆ ಅದುರಲು ಶುರು, 30 ದಾಟಿದರೆ ನಡಿಗೆ ತೂರಾಟ, 40 ದಾಟಿದರೆ ಮಂಕು, ಗೊಂದಲ. ಇವು ಗಟ್ಟಿ ಗೆರೆಗಳಲ್ಲ, ಜನರಿಂದ ಜನರಿಗೆ ಬದಲಾಗುತ್ತವೆ. ಆದರೂ ಆರನೇ ದಿನ ಅವಳು ನಿನ್ನ ಮುಂದೆ ನೆಟ್ಟಗೆ ನಡೆದು ಬರುವುದು ಅನುಮಾನ.

ನಿನ್ನ ಎರಡನೇ ಭರವಸೆ, ಐದು ಹಾಫ್ ಲೈಫ್ ಎಂಬುದು, ಇದಕ್ಕಿಂತ ಹೆಚ್ಚು ಮೋಸದ್ದು. 600 ಅಂತ ಬರೆದರೆ ಅಂಗಡಿಯವನಾದರೂ ಒಂದು ಸಲ ಹುಬ್ಬೇರಿಸಿ ನೋಡಿಯಾನು. 400 ಅಂತ ಬರೆದರೆ ಯಾರೂ ಕೇಳಲ್ಲ. ಅಲ್ಲಿಯೇ ಜಾರುವುದು. ನಾನೂ ಅಲ್ಲಿಯೇ ಜಾರಿದ್ದು.

ನಾನು ಪಿಜಿ ಮಾಡುತ್ತಿದ್ದಾಗಿನ ಮಾತು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಔಷಧಿ ಮಟ್ಟ ಅಳೆಯುವ ಲ್ಯಾಬ್ ಇತ್ತು. ಅಡಿಕೆ ಸುಲಿಯುವ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿಗೆ ಡೋಸನ್ನು 300ರಿಂದ 400ಕ್ಕೆ ಏರಿಸಿದ್ದರು. ಒಂದು ವಾರದ ನಂತರ ಸ್ಯಾಂಪಲ್ ಬಂತು, 18 ಬಂತು. ರಿಪೋರ್ಟಿನಲ್ಲಿ "ಮಟ್ಟ ಸರಿಯಿದೆ, ಇದೇ ಡೋಸ್ ಮುಂದುವರಿಸಬಹುದು" ಅಂತ ಬರೆದವಳು ನಾನು. ಬರೆದು, ಸಹಿ ಹಾಕಿ, ಖುಷಿಯಾಗಿ ಕಾಫಿಗೆ ಹೋದೆ.

ಆರು ವಾರದ ಮೇಲೆ ಗಂಡ ಅವಳನ್ನು ರಟ್ಟೆ ಹಿಡಿದು ನಡೆಸಿಕೊಂಡು ಬಂದ. ಓಣಿಯಲ್ಲಿ ಜನ ಕುಡಿದಿದ್ದಾಳೆ ಅಂತ ಆಡಿಕೊಳ್ಳುತ್ತಿದ್ದಾರೆ ಅಂತ ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬೆರಳು ನೋಡಮ್ಮಾ ಅಂತ ಬೆರಳನ್ನು ಪಕ್ಕಕ್ಕೆ ಸರಿಸಿದರೆ ಕಣ್ಣುಗುಡ್ಡೆ ಹಿಂಬಾಲಿಸಿ ಹೋಗಿ ತುದಿಯಲ್ಲಿ ಟಕ್ ಟಕ್ ಅಂತ ಎಳೆದುಕೊಳ್ಳುತ್ತಿತ್ತು. ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸಿ ನೇರ ಗೆರೆಯಲ್ಲಿ ನಡಿ ಅಂದರೆ ಎರಡನೇ ಹೆಜ್ಜೆಗೇ ಗೋಡೆ ಹಿಡಿದಳು. ಅಡಿಕೆ ಸುಲಿಯುವ ಕತ್ತಿ ಮೇಲೆ ಕೂರಲು ಭಯವಾಗಿ ಕೆಲಸ ಬಿಟ್ಟಿದ್ದಳಂತೆ. ಮಟ್ಟ 30 ದಾಟಿತ್ತು. ಎರಡು ದಿನ ಮಾತ್ರೆ ನಿಲ್ಲಿಸಿ, ಮತ್ತೆ ಅಳೆದು ನೋಡಿ, 350ಕ್ಕೆ ಇಳಿಸಿದರು. ಸರಿಹೋದಳು. ನನ್ನ ರಿಪೋರ್ಟ್ ಬಗ್ಗೆ ಯಾರೂ ನನ್ನನ್ನು ಕೇಳಲಿಲ್ಲ, ಯಾಕೆಂದರೆ 18 ಎಂಬ ಅಳತೆ ಸರಿಯೇ ಇತ್ತು.

ಆ 18 ದಾರಿಯಲ್ಲಿ ಸಿಕ್ಕ ಅಂಕಿ, ಊರು ಮುಟ್ಟಿದ ಅಂಕಿ ಅಲ್ಲ. ನಮ್ಮ ಪ್ರಶ್ನೆಯ ಹೆಂಗಸಿಗೆ 400 ಕೊಟ್ಟು ದಿನ ದಿನದ ಲೆಕ್ಕ ಹಾಕಿದರೂ ಏಳನೇ ದಿನಕ್ಕೆ 18 ಬರುತ್ತದೆ. ಹದಿನಾಲ್ಕನೇ ದಿನ 22 ದಾಟುತ್ತದೆ. ಅದು 32ರತ್ತ ಹತ್ತುತ್ತಲೇ ಇರುತ್ತದೆ, ಆದರೆ ಎಷ್ಟು ನಿಧಾನ ಅಂದರೆ ಹತ್ತುತ್ತಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಸೊನ್ನೆಯಿಂದ ಶುರು ಮಾಡಿ ಕೊನೆಯ ಮಟ್ಟದ ಶೇಕಡಾ 90 ಮುಟ್ಟಲು ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿದರೆ, 300ಕ್ಕೆ ಐದೂವರೆ ದಿನ ಸಾಕು. 350ಕ್ಕೆ ಹನ್ನೊಂದೂವರೆ. 400ಕ್ಕೆ 43 ದಿನ. ಔಷಧಿ ಅದೇ, ಮನುಷ್ಯಳೂ ಅದೇ. ಗಿರಣಿ ತುಂಬಿದಂತೆಲ್ಲಾ ಹಾಫ್ ಲೈಫೇ ಉದ್ದವಾಗುತ್ತಾ ಹೋಗುತ್ತದೆ. ಪುಸ್ತಕದ 22 ಗಂಟೆ ಒಂದು ಸರಾಸರಿ ಅಂಕಿ, ಗಿರಣಿ ತುಂಬುತ್ತಾ ಬಂದಾಗ ಅದು ನಡೆಯಲ್ಲ. ಅದನ್ನು ಐದರಿಂದ ಗುಣಿಸಿ ಆರನೇ ದಿನ ಅಂದದ್ದು ಅದಕ್ಕೇ ನಿಲ್ಲಲ್ಲ.

ಇಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ, ಹೇಳಿಬಿಡುತ್ತೇನೆ. "ಜೀರೋ ಆರ್ಡರ್: ಆಲ್ಕೋಹಾಲ್, ಆಸ್ಪಿರಿನ್, ಫೆನಿಟಾಯಿನ್" ಅಂತ ನಿಮ್ಮಿಂದ ಪಟ್ಟಿ ಒಪ್ಪಿಸಿಕೊಂಡವಳು ನಾನೇ. ವೈವಾದಲ್ಲಿ ಅದನ್ನೇ ಕೇಳುತ್ತಾರೆ, ಅದನ್ನೇ ಹೇಳಿಕೊಡುತ್ತೇವೆ. ಆದರೆ ಆ ಪಟ್ಟಿ ಅರ್ಧ ಸತ್ಯ. ಫೆನಿಟಾಯಿನ್ ಮಟ್ಟ ತುಂಬಾ ಕಡಿಮೆ ಇದ್ದಾಗ ನಿನ್ನ ನಿಯಮದಂತೆಯೇ ನಡೆದುಕೊಳ್ಳುತ್ತದೆ. ತುಂಬಾ ಜಾಸ್ತಿ ಇದ್ದಾಗ ಮಾತ್ರ ದಿನಕ್ಕೆ ಇಂತಿಷ್ಟೇ ಅಂತ ಹೋಗುತ್ತದೆ. ನಮಗೆ ಬೇಕಾದ 10ರಿಂದ 20 ಸರಿಯಾಗಿ ಆ ಎರಡರ ನಡುವಿನ ತಿರುವಿನಲ್ಲಿದೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಮನೆ ಕಟ್ಟಿದ ಹಾಗೆ. ಪಟ್ಟಿ ಬಾಯಿಪಾಠ ಮಾಡಿದವನಿಗೆ ಅದು "ಜೀರೋ ಆರ್ಡರ್" ಎಂಬ ಪದ ಕಂಡಾಗ ನೆನಪಾಗುತ್ತದೆ, 34 ವರ್ಷದ ಹೆಂಗಸು ಕಂಡಾಗ ನೆನಪಾಗಲ್ಲ.

ಡೋಸ್ ಬದಲಿಸದೆಯೂ ಇದೇ ಅನಾಹುತ ಆಗಬಹುದು. 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಜನರಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ವಿಷದ ಲಕ್ಷಣ ಕಾಣಿಸಿತು. ಎಲ್ಲರೂ ಮೊದಲಿನಷ್ಟೇ ಮಿಲಿಗ್ರಾಂ ನುಂಗುತ್ತಿದ್ದರು. ಹುಡುಕಿದಾಗ ಸಿಕ್ಕಿದ್ದು ಕ್ಯಾಪ್ಸೂಲ್ ತುಂಬಿಸಲು ಹಾಕುವ ಪುಡಿ. ಮೊದಲು ಕ್ಯಾಲ್ಸಿಯಂ ಸಲ್ಫೇಟ್ ಇತ್ತು, ಆಮೇಲೆ ಲ್ಯಾಕ್ಟೋಸ್‌ಗೆ ಬದಲಿಸಿದ್ದರು. ಕ್ಯಾಲ್ಸಿಯಂ ಸಲ್ಫೇಟ್ ಇದ್ದಾಗ ಫೆನಿಟಾಯಿನ್ ಪೂರ್ತಿ ಹೀರಲ್ಪಡುತ್ತಿರಲಿಲ್ಲ, ಲ್ಯಾಕ್ಟೋಸ್ ಬಂದಾಗ ಜಾಸ್ತಿ ಒಳಗೆ ಹೋಯಿತು. ಬೇರೆ ಔಷಧಿಯಾಗಿದ್ದರೆ ಒಳಗೆ ಹೋದದ್ದು ಎಷ್ಟು ಪಾಲು ಏರಿತೋ ಮಟ್ಟವೂ ಅಷ್ಟೇ ಪಾಲು ಏರುತ್ತಿತ್ತು. ಇದು ತಿರುವಿನಲ್ಲಿದ್ದದ್ದರಿಂದ ಜನ ತೂರಾಡಿದರು. ನಾಳೆ ನೀನು ಡಾಕ್ಟರಾದಾಗ, ಚೆನ್ನಾಗಿದ್ದ ರೋಗಿ ಸುಮ್ನೆ ತೂರಾಡುತ್ತಾ ಬಂದರೆ, ಡೋಸ್ ಎಷ್ಟು ಅಂತ ಕೇಳುವುದರ ಜೊತೆಗೆ ಅಂಗಡಿಯಲ್ಲಿ ಬೇರೆ ಕಂಪನಿಯ ಮಾತ್ರೆ ಕೊಟ್ಟರಾ ಅಂತಲೂ ಕೇಳು. ಹಳೆ ಸ್ಟ್ರಿಪ್ ತರಿಸಿ ನೋಡು.

ಹಾಗಾದರೆ ಐದಕ್ಕೆ ಐದು ಸಿಗುವ ಉತ್ತರ ಯಾವುದಿತ್ತು? ನಾನು ಸಮೀಕರಣವನ್ನೇ ನಿರೀಕ್ಷಿಸಿರಲಿಲ್ಲ. ವಾರ್ಡಿನಲ್ಲಿ ಬಳಸುವ ಒರಟು ನಿಯಮ ಒಂದಿದೆ. ಮಟ್ಟ 7ಕ್ಕಿಂತ ಕಡಿಮೆ ಇದ್ದರೆ ದಿನಕ್ಕೆ 100 ಮಿಲಿಗ್ರಾಂ ಏರಿಸು. 7ರಿಂದ 12ರೊಳಗಿದ್ದರೆ 50. 12 ದಾಟಿದ್ದರೆ 30 ಅಥವಾ ಅದಕ್ಕೂ ಕಡಿಮೆ. ನಮ್ಮ ಹೆಂಗಸಿನದು 8, ಹಾಗಾಗಿ 350. ಎರಡು ಮೂರು ವಾರ ಬಿಟ್ಟು ಮತ್ತೆ ಮಟ್ಟ ನೋಡು, ಅಷ್ಟರೊಳಗೆ ಕಣ್ಣು ಮತ್ತು ನಡಿಗೆ ನೋಡುತ್ತಿರು. ಇಷ್ಟು ಬರೆದು, "ಡೋಸ್ ಮತ್ತು ಮಟ್ಟ ಒಂದೇ ಪ್ರಮಾಣದಲ್ಲಿ ಏರಲ್ಲ, ಕಿಣ್ವ ತುಂಬುತ್ತಾ ಬಂದಿದೆ" ಅಂತ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಮೂರು ಗೆರೆಯ ಉತ್ತರ. ನಿನ್ನದು ಮುಕ್ಕಾಲು ಪುಟ.

ಇನ್ನೊಂದು ಮಾತು. ಪ್ರಶ್ನೆಯಲ್ಲಿ ನಾನು "ಮಾತ್ರೆ ತಪ್ಪಿಸಿಲ್ಲ, ಆಲ್ಬುಮಿನ್ ನಾರ್ಮಲ್" ಅಂತ ಸುಮ್ಮನೆ ಹಾಕಿರಲಿಲ್ಲ. ನಿಜವಾದ ಓಪಿಡಿಯಲ್ಲಿ ಅದನ್ನು ಯಾರೂ ಬರೆದುಕೊಡಲ್ಲ. 8 ಬಂದದ್ದಕ್ಕೆ ಕಾರಣ ವಾರದಲ್ಲಿ ಮೂರು ರಾತ್ರಿ ಮಾತ್ರೆ ಮರೆತದ್ದಾದರೆ, ಡೋಸ್ ಏರಿಸಿದ ಮೇಲೆ ಅವಳು ಭಯಬಿದ್ದು ಸರಿಯಾಗಿ ನುಂಗಲು ಶುರು ಮಾಡಿದರೆ, ಎರಡೂ ಸೇರಿ ಹೊಡೆಯುತ್ತದೆ. ಆಲ್ಬುಮಿನ್ ಕಡಿಮೆ ಇದ್ದರೆ ಲ್ಯಾಬಿನ 8 ನೋಡಲು ಕಡಿಮೆ, ಆದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿ ಓಡಾಡುವ ಫೆನಿಟಾಯಿನ್ ಬೇಕಾದಷ್ಟೇ ಇರಬಹುದು. ಆಗ ಡೋಸ್ ಮುಟ್ಟುವುದೇ ತಪ್ಪಾಗುತ್ತದೆ. ನೀನು ಆ ಎರಡು ವಿಷಯ ಓದಿದ ಗುರುತು ಉತ್ತರದಲ್ಲಿ ಎಲ್ಲೂ ಇರಲಿಲ್ಲ.

ಈಗ ನನ್ನ ಲೆಕ್ಕದಲ್ಲೂ ಒಂದು ಊಹೆ ಇದೆ, ಗಮನಿಸಿದೆಯಾ? ಕೆಎಂ 4 ಅಂತ ನಾನು ಪುಸ್ತಕದಿಂದ ಎತ್ತಿಕೊಂಡೆ. ಅವಳ ರಕ್ತದಿಂದ ಅಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಬಹಳ ಬದಲಾಗುತ್ತದೆ, ವಿಮ್ಯಾಕ್ಸ್ ಕೂಡ ಹಾಗೆಯೇ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಮಂದ, ಅವರಿಗೆ 300 ಕೂಡ ಜಾಸ್ತಿಯಾಗಬಹುದು. ಒಂದೇ ಡೋಸ್, ಒಂದೇ ಮಟ್ಟ ಕೈಯಲ್ಲಿದ್ದರೆ ಎರಡರಲ್ಲಿ ಒಂದನ್ನು ಊಹಿಸಲೇಬೇಕು. ಎರಡು ಡೋಸಿನಲ್ಲಿ ಎರಡು ಮಟ್ಟ ಸಿಕ್ಕರೆ ಊಹೆ ಬೇಡ.

ಅದಕ್ಕೇ ನಿನಗೆ ಮನೆಗೆಲಸ. ಅದೇ ಹೆಂಗಸಿಗೆ 350 ಕೊಟ್ಟೆವು ಅಂದುಕೋ. ಮೂರು ವಾರದ ನಂತರ ನನ್ನ ಲೆಕ್ಕದ ಪ್ರಕಾರ 14 ಬರಬೇಕಿತ್ತು, ಬಂದದ್ದು 11. ಮಾತ್ರೆ ತಪ್ಪಿಸಿಲ್ಲ. ಈಗ ನಿನ್ನ ಕೈಯಲ್ಲಿ ಎರಡು ಜೋಡಿ ಇವೆ: 300ಕ್ಕೆ 8, 350ಕ್ಕೆ 11. ಸಮೀಕರಣವನ್ನು ಹೀಗೆ ತಿರುಗಿಸಿಕೊಂಡರೆ ಸುಲಭ.

```
R = Vmax − Km × (R / C)
```

ಎರಡು ಜೋಡಿ, ಎರಡು ಅಜ್ಞಾತ, ಪಿಯುಸಿ ಗಣಿತ. ಅವಳ ಸ್ವಂತ ಕೆಎಂ ಮತ್ತು ವಿಮ್ಯಾಕ್ಸ್ ತೆಗೆ. ಆಮೇಲೆ 400 ಕೊಟ್ಟರೆ ಎಲ್ಲಿ ನಿಲ್ಲುತ್ತದೆ ನೋಡು. ಈ ಸಲ 32 ಬರಲ್ಲ. ನಾನು ಮೇಲೆ ವಿಷ ಅಂದ ಆ ಎರಡನೇ ಐವತ್ತನ್ನು ಇವಳಿಗೆ ಕೊಡಬಹುದಾ ಬೇಡವಾ ಅಂತ ಬರೆದುಕೊಂಡು ಗುರುವಾರ ಲ್ಯಾಬ್ ಮುಗಿದ ಮೇಲೆ ಬಾ. ಚೌಕ ಹಾಕಬೇಡ, ಪೆನ್ಸಿಲ್‌ನಲ್ಲಿ ಬರಿ.